ಪದಚರ್ಚೆ: ನಿವಾಸಿ ಖಾತೆಯನ್ನು ಅನಿವಾಸಿ ಖಾತೆ ಮಾಡಿಸುವ ಅರ್ಜಿಗೆ ಕನ್ನಡ

ಸವಿತಾ, ಕುಂದಾಪುರ

ಬಳಗದವರಿಗೆ ನಮಸ್ಕಾರ. ನಾಳೆ ಬೆಳಿಗ್ಗೆ 11ಕ್ಕೆ ಮುದ್ರಣಕ್ಕೆ ಹೋಗಬೇಕಾದ ಒಂದು ಮಾದರಿ ಅರ್ಜಿ ನನ್ನ ಮುಂದಿದೆ. ಕೆಲಸಕ್ಕೆಂದು ಕೊಲ್ಲಿ ದೇಶಗಳಿಗೆ ಹೋದವರು ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಕೊಡಿ ಎಂದು ಬ್ಯಾಂಕಿಗೆ ಕೊಡುವ ಅರ್ಜಿ. ಊರಲ್ಲಿರುವ ತಾಯಿಯೋ ಹೆಂಡತಿಯೋ ಜಂಟಿ ಖಾತೆದಾರರಾಗಿ ಸಹಿ ಹಾಕಬೇಕಾಗುತ್ತದೆ. ಅವರಿಗೆ ಓದಿದರೆ ಅರ್ಥವಾಗಬೇಕು ಎಂಬ ಕಾರಣಕ್ಕೇ ಕನ್ನಡದಲ್ಲಿ ಕೇಳಿದ್ದಾರೆ. ನನ್ನ ಕರಡು ಹೀಗಿದೆ:

"ನನ್ನ ನಿವಾಸಿ ಉಳಿತಾಯ ಖಾತೆಯನ್ನು ಅನಿವಾಸಿ ಸಾಮಾನ್ಯ ಖಾತೆಯಾಗಿ ಪುನರ್ನಾಮನಿರ್ದೇಶನ ಮಾಡಬೇಕಾಗಿ ವಿನಂತಿ. ಸ್ವದೇಶ ಪ್ರತ್ಯಾವರ್ತನೆಯ ಮಿತಿ ನನಗೆ ತಿಳಿದಿದೆ. ಖಾತೆಯು ಮೊದಲಿಗರು ಅಥವಾ ಉಳಿದವರು ಎಂಬ ಕ್ರಮದಲ್ಲಿ ನಡೆಯುವುದು."

ರೀಡೆಸಿಗ್ನೇಷನ್, ರೀಪೇಟ್ರಿಯೇಷನ್, ಫಾರ್ಮರ್ ಆರ್ ಸರ್ವೈವರ್ ಈ ಮೂರಕ್ಕೂ ಇದಕ್ಕಿಂತ ಒಳ್ಳೆಯ ಮಾತು ಬೇಕು.

ವೆಂಕಟರಮಣ

ಇದರಲ್ಲಿ ಕನ್ನಡ ಎಲ್ಲಿದೆ? ವಿಭಕ್ತಿ ಪ್ರತ್ಯಯ ಬಿಟ್ಟರೆ ಉಳಿದದ್ದೆಲ್ಲ ಸಂಸ್ಕೃತ. ನೆಲೆ ಎಂಬ ಸೊಗಸಾದ ಪದ ಇರುವಾಗ ನಿವಾಸಿಯ ಹಂಗೇಕೆ? ನೆಲೆಸಿಗ, ಹೊರನೆಲೆಸಿಗ ಎನ್ನಿ. ಖಾತೆ ಮರಾಠಿ ಕಡೆಯಿಂದ ಬಂದದ್ದು, ಅಚ್ಚಗನ್ನಡದ ಲೆಕ್ಕ ಇದೆಯಲ್ಲ. "ಹೊರನೆಲೆಸಿಗರ ಲೆಕ್ಕ" ಎಂದರೆ ಮುಗಿಯಿತು.

ಪ್ರಭಾಕರ

ಸವಿತಾ ಅವರೇ, ಮೊದಲು ಪುನರ್ನಾಮನಿರ್ದೇಶನವನ್ನು ಹೊಡೆದುಹಾಕಿ. ಬ್ಯಾಂಕಿನಲ್ಲಿ ನಾಮನಿರ್ದೇಶನ ಎಂದರೆ ನಾಮಿನಿ ಹೆಸರು ಕೊಡುವುದು, ಬೇರೇನೂ ಅಲ್ಲ. ತಾಯಿ ಆ ಸಾಲು ಓದಿದರೆ ಮಗ ನಾಮಿನಿಯನ್ನು ಬದಲಾಯಿಸುತ್ತಿದ್ದಾನೆ ಎಂದುಕೊಳ್ಳುತ್ತಾರೆ. "ಪರಿವರ್ತಿಸಿ" ಸಾಕು. ಭೂಪರಿವರ್ತನೆ ನಮ್ಮ ಜನಕ್ಕೆಲ್ಲ ಗೊತ್ತು: ಜಾಗ ಅಲ್ಲೇ ಇರುತ್ತದೆ, ಅದರ ವರ್ಗ ಬದಲಾಗುತ್ತದೆ. ಇಲ್ಲಿಯೂ ಹಣ ಅದೇ, ಖಾತೆದಾರ ಅವನೇ, ವರ್ಗ ಮಾತ್ರ ಬೇರೆ.

ಮೂರನೆಯ ಸಾಲು ಇನ್ನೂ ಅಪಾಯದ್ದು. "ಉಳಿದವರು" ಎಂದರೆ ಕನ್ನಡದಲ್ಲಿ ಮಿಕ್ಕವರು. ಮೊದಲಿಗರಾಗಲಿ ಮಿಕ್ಕವರಾಗಲಿ ಯಾರು ಬೇಕಾದರೂ ಹಣ ತೆಗೆಯಬಹುದು ಎಂದು ಓದಿಕೊಳ್ಳುತ್ತದೆ. ನಿಯಮ ಅದಕ್ಕೆ ತದ್ವಿರುದ್ಧ. ಭಾರತದಲ್ಲೇ ಇರುವವರು ಎನ್‌ಆರ್‌ಒ ಖಾತೆಗೆ ಎರಡನೆಯ ಹೆಸರಾಗಿ ಸೇರಿದರೆ, ಮೊದಲ ಖಾತೆದಾರ ಬದುಕಿರುವತನಕ ಅವರು ಆ ಹೆಸರಿನ ಬಲದಿಂದ ಖಾತೆ ನಡೆಸುವಂತಿಲ್ಲ. ಹಳೆಯ ಖಾತೆ "ಇಬ್ಬರಲ್ಲಿ ಯಾರಾದರೂ" ಎಂಬ ಕ್ರಮದಲ್ಲಿದ್ದರೆ ತಾಯಿ ನಿನ್ನೆಯವರೆಗೆ ಚೆಕ್ಕಿಗೆ ಸಹಿ ಹಾಕುತ್ತಿದ್ದರು, ಪರಿವರ್ತನೆಯಾದ ಮರುದಿನ ಅದೇ ಚೆಕ್ಕು ವಾಪಸು ಬರುತ್ತದೆ. ಮನೆಖರ್ಚಿಗೆ ಅವರು ತೆಗೆಯಬೇಕಿದ್ದರೆ ಮಗ ಪ್ರತ್ಯೇಕವಾಗಿ ಅಧಿಕಾರಪತ್ರ ಬರೆದುಕೊಡಬೇಕು. ಅದಕ್ಕೇ ಈ ಸಾಲು ತಾಯಿಗೆ ತಿಳಿಯಲೇಬೇಕು. ವೀಲುನಾಮೆಗಳಲ್ಲಿ "ನನ್ನ ಕಾಲಾನಂತರ" ಎಂದು ಬರೆಯುತ್ತೇವಲ್ಲ, ಅದನ್ನೇ ಇಲ್ಲಿಗೆ ತನ್ನಿ: "ಮೊದಲ ಖಾತೆದಾರರು, ಅವರ ಕಾಲಾನಂತರ ಎರಡನೆಯವರು."

ಅಶ್ವಿನ್

ಒಂದು ತಿದ್ದುಪಡಿ. ಹೊರದೇಶದಲ್ಲಿ 182 ದಿನ ಕಳೆಯದೆ ಯಾರೂ ಅನಿವಾಸಿ ಆಗುವುದಿಲ್ಲ. ಹೋದ ತಿಂಗಳು ವಿಮಾನ ಹತ್ತಿದವನು "ನಾನು ಅನಿವಾಸಿ" ಎಂದು ಬರೆದು ಸಹಿ ಮಾಡಿದರೆ ಅದು ಸುಳ್ಳು ಹೇಳಿಕೆ. "ಅನಿವಾಸಿಯಾಗಲಿರುವ" ಎಂದಿರಬೇಕು.

ಹಮೀದ್, ದೋಹಾ

ನೀವೆಲ್ಲ ಎನ್‌ಆರ್‌ಒ ಹಿಂದೆ ಯಾಕೆ ಬಿದ್ದಿದ್ದೀರಿ ಮಾರಾಯ್ರೆ? ಎನ್‌ಆರ್‌ಇ ಮಾಡಿಕೊಡಿ ಎಂದು ಬರೆಯಿರಿ, ಅದರ ಬಡ್ಡಿಗೆ ತೆರಿಗೆ ಇಲ್ಲ. ನಾನು ಹಾಗೆಯೇ ಬರೆದುಕೊಟ್ಟಿದ್ದೆ, ಶಾಖೆಯವರು ಅರ್ಜಿ ವಾಪಸು ಕಳಿಸಿದರು. ಕಡೆಗೆ ಎನ್‌ಆರ್‌ಒ ಮಾಡಿದರು, ಖಾತೆ ಸಂಖ್ಯೆಯೂ ಬದಲಾಯಿತು, ಹಳೆಯ ಸಂಖ್ಯೆಯಿಂದ ಕಡಿತವಾಗುತ್ತಿದ್ದ ವಿಮೆಯ ಕಂತು ತಪ್ಪಿಹೋಯಿತು. ಎನ್‌ಆರ್‌ಇ ಕೊಡದಿದ್ದುದು ಯಾಕೆ ಎಂದು ಯಾರೂ ಹೇಳಲಿಲ್ಲ.

ಪ್ರಭಾಕರ

ಇಬ್ಬರಿಗೂ ಉತ್ತರಿಸುತ್ತೇನೆ, ಎರಡೂ ಅರ್ಜಿಯ ಮಾತಿಗೆ ಸಂಬಂಧಪಟ್ಟವೇ.

ಅಶ್ವಿನ್ ಅವರೇ, ನೀವು ಹೇಳುವ ದಿನಗಳ ಲೆಕ್ಕ ಆದಾಯ ತೆರಿಗೆಯದು, ಅದೂ ಭಾರತದಲ್ಲಿ ಕಳೆದ ದಿನಗಳ ಲೆಕ್ಕ. ಖಾತೆಯ ವಿಚಾರ ವಿದೇಶಿ ವಿನಿಮಯದ 1999ರ ಕಾಯ್ದೆಗೆ ಸೇರಿದ್ದು. ಅದರಲ್ಲಿಯೂ 182 ದಿನದ ಮಾತಿದೆ, ಆದರೆ ಉದ್ಯೋಗಕ್ಕಾಗಿ ದೇಶ ಬಿಟ್ಟವರನ್ನು ಅದೇ ಕಲಮು ಹೊರಗಿಡುತ್ತದೆ. ಅವರು ಹೊರಟಂದಿನಿಂದಲೇ ಅನಿವಾಸಿ. ಒಬ್ಬ ನೌಕರ 2025ರ ಅಕ್ಟೋಬರ್ 10ರಂದು ದೋಹಾಗೆ ಹೊರಟ ಎಂದಿಟ್ಟುಕೊಳ್ಳಿ. ಏಪ್ರಿಲ್ 1ರಿಂದ, ಹೊರಟ ದಿನವನ್ನೂ ಸೇರಿಸಿ, ಅವನು ಇಲ್ಲಿ 193 ದಿನ ಇದ್ದ. ಆದ್ದರಿಂದ ಆ ವರ್ಷಕ್ಕೆ ತೆರಿಗೆಯವರ ಲೆಕ್ಕದಲ್ಲಿ ಅವನು ನಿವಾಸಿ. ಬ್ಯಾಂಕಿನ ಲೆಕ್ಕದಲ್ಲಿ ಅಕ್ಟೋಬರ್ 10ರಿಂದಲೇ ಅನಿವಾಸಿ. ಒಂದೇ ಪದ, ಇಬ್ಬರು ಯಜಮಾನರು.

ಇದರ ಬಿಸಿ ತಟ್ಟುವುದು ಬಡ್ಡಿ ಬಂದಾಗ. ನಿವಾಸಿಯ ಉಳಿತಾಯ ಖಾತೆಯ ಬಡ್ಡಿಯಲ್ಲಿ ಮೂಲದಲ್ಲೇ ತೆರಿಗೆ ಹಿಡಿಯುವುದಿಲ್ಲ. ಎನ್‌ಆರ್‌ಒ ಆದೊಡನೆ ಮೊದಲ ರೂಪಾಯಿಯಿಂದಲೇ ಶೇ. 30, ಅದರ ಮೇಲೆ ಶೇ. 4 ಸೆಸ್ಸು, ಒಟ್ಟು ಶೇ. 31.2 ಹಿಡಿಯುತ್ತಾರೆ. 5,000 ರೂಪಾಯಿ ಬಡ್ಡಿ ಬಂದರೆ 1,560 ಹೋಗುತ್ತದೆ. ಈ ನೌಕರ ಆ ವರ್ಷ ನಿವಾಸಿಯಾಗಿಯೇ ರಿಟರ್ನ್ ಸಲ್ಲಿಸಿ, ಹೆಚ್ಚು ಹಿಡಿದದ್ದನ್ನು ವಾಪಸು ಕೇಳಬೇಕು. ಆದ್ದರಿಂದ ಅರ್ಜಿಯಲ್ಲಿ "ಅನಿವಾಸಿಯಾಗಲಿರುವ" ಬೇಡ. ಬೇಕಾದದ್ದು ಎರಡು: "ಉದ್ಯೋಗಕ್ಕಾಗಿ" ಎಂಬ ಪದ, ಹೊರಟ ತಾರೀಕು. ಬರೇ "ವಿದೇಶಕ್ಕೆ ತೆರಳಿದ್ದೇನೆ" ಎಂದರೆ ಪ್ರವಾಸ ಹೋದವನ ಅರ್ಜಿಯಾಗುತ್ತದೆ, ಪ್ರವಾಸಿಯ ಖಾತೆ ಬದಲಾಗುವುದಿಲ್ಲ. ಆ ತಾರೀಕು ಪಾಸ್‌ಪೋರ್ಟಿನ ನಿರ್ಗಮನ ಮುದ್ರೆಗೆ ತಾಳೆಯಾಗಬೇಕು, ಉದ್ಯೋಗದ ಮಾತು ವೀಸಾಕ್ಕೆ ತಾಳೆಯಾಗಬೇಕು. ಸಹಿ ಬ್ಯಾಂಕಿನ ಕಡತದಲ್ಲಿರುವ ಹಳೆಯ ಸಹಿಯೇ ಆಗಿರಲಿ. ಅಂಚೆಯಲ್ಲಿ ಬಂದ ಅರ್ಜಿಗಳು ಹೆಚ್ಚಾಗಿ ವಾಪಸಾಗುವುದು ಅಲ್ಲಿಯೇ.

ಹಮೀದ್ ಅವರೇ, ನಿಮ್ಮ ಶಾಖೆ ಕಾರಣ ಹೇಳಬೇಕಿತ್ತು. ಎನ್‌ಆರ್‌ಇಗೆ ನೇರವಾಗಿ ಬೀಳುವ ಹಣ ಸಾಮಾನ್ಯವಾಗಿ ಹೊರದೇಶದ ಗಳಿಕೆಯಾಗಿರಬೇಕು. ನಿಮ್ಮ ಹಳೆಯ ಖಾತೆಯಲ್ಲಿದ್ದದ್ದು ಇಲ್ಲಿನ ಸಂಬಳ, ಅದು ನೇರವಾಗಿ ಎನ್‌ಆರ್‌ಇ ಆಗಲಾರದು. ಎನ್‌ಆರ್‌ಇ ಪ್ರತ್ಯೇಕವಾಗಿ ತೆರೆಯಬೇಕು. ಆಮೇಲೆ ಎನ್‌ಆರ್‌ಒದ ಹಣವನ್ನು ತೆರಿಗೆ ಕಟ್ಟಿದ ದಾಖಲೆ ಕೊಟ್ಟು ಅದಕ್ಕೆ ದಾಟಿಸಬಹುದು, ಮಿತಿಯೊಳಗೆ. ಖಾತೆ ಸಂಖ್ಯೆ ಕೆಲವು ಬ್ಯಾಂಕುಗಳಲ್ಲಿ ಉಳಿಯುತ್ತದೆ, ಕೆಲವದರಲ್ಲಿ ಬದಲಾಗುತ್ತದೆ. ಸವಿತಾ ಅವರೇ, ಇದನ್ನು ಅರ್ಜಿಯ ಕೆಳಗೆ ಒಂದು ಸೂಚನೆಯಾಗಿ ಹಾಕಿ: ಕಂತುಗಳ ಕಡಿತ ಯಾವ ಸಂಖ್ಯೆಯಿಂದ ನಡೆಯುತ್ತಿದೆ ಎಂದು ಮೊದಲೇ ನೋಡಿಕೊಳ್ಳಿ, ಎಂದು.

ಸವಿತಾ, ಕುಂದಾಪುರ

ಎರಡು ತೊಡಕು ಬಿಡಿಸಿದಿರಿ. ರೀಪೇಟ್ರಿಯೇಷನ್ ಉಳಿಯಿತು.

ಪ್ರಭಾಕರ

"ಸ್ವದೇಶ" ಖಂಡಿತ ಬೇಡ. ಲ್ಯಾಟಿನ್ನಿನಲ್ಲಿ ಪಾತ್ರಿಯಾ ತಾಯ್ನಾಡು, ನಿಜ. ಆದರೆ ಈ ಪದ ಬಂದಿರುವುದು ಹಣ ಹಾಕಿದ ಹೊರಗಿನವನ ಕಡೆಯಿಂದ ನೋಡಿ. ನಮ್ಮ ಹುಡುಗನಿಗೆ ಸ್ವದೇಶ ಭಾರತ. "ಸ್ವದೇಶ ಪ್ರತ್ಯಾವರ್ತನೆಯ ಮಿತಿ" ಎಂದರೆ ದೋಹಾದಿಂದ ಕುಂದಾಪುರಕ್ಕೆ ಹಣ ಕಳಿಸಲು ಮಿತಿ ಇದೆ ಎಂದೇ ಅವನು ಓದುತ್ತಾನೆ. ಹೇಳಬೇಕಿರುವುದು ಉಲ್ಟಾ: ಎನ್‌ಆರ್‌ಒದಿಂದ ಹೊರಕ್ಕೆ ಹೋಗುವ ಅಸಲಿಗೆ ಹಣಕಾಸು ವರ್ಷವೊಂದಕ್ಕೆ 10 ಲಕ್ಷ ಡಾಲರ್ ಮಿತಿ.

ಅಶ್ವಿನ್

ಹಾಗಾದರೆ "ಮರುರವಾನೆ"?

ಪ್ರಭಾಕರ

ಎನ್‌ಆರ್‌ಇಗೆ ಸರಿಹೋಗುತ್ತದೆ, ಆ ಹಣ ಹೊರಗಿನಿಂದ ಬಂದದ್ದು, ಮರಳಿ ಹೋಗುತ್ತದೆ. ಎನ್‌ಆರ್‌ಒದಲ್ಲಿರುವುದು ಊರಿನ ಮನೆಯ ಬಾಡಿಗೆ, ಹಳೆಯ ಸಂಬಳ. ಎಂದೂ ಗಡಿ ದಾಟದ ಹಣ ಮರಳುವುದೆಲ್ಲಿಗೆ? "ವಿದೇಶಕ್ಕೆ ರವಾನೆ" ಎನ್ನಿ.

ಅಶ್ವಿನ್

ಅದು ಈಗಾಗಲೇ ಬೇರೆಯದಕ್ಕೆ ಬಳಕೆಯಲ್ಲಿದೆ ಸರ್. ಇಲ್ಲಿರುವ ತಂದೆ ಮಗನ ಓದಿಗೆ ಕಳಿಸುವ ಹಣಕ್ಕೂ ವಿದೇಶಕ್ಕೆ ರವಾನೆ ಎಂದೇ ಹೇಳುತ್ತೇವೆ, ಅದರ ಮಿತಿ 2,50,000 ಡಾಲರ್. ಎರಡಕ್ಕೂ ಒಂದೇ ಪದವಾದರೆ ಕೌಂಟರಿನಲ್ಲಿ ತಪ್ಪು ಅರ್ಜಿ ಕೊಡುತ್ತಾರೆ.

ಪ್ರಭಾಕರ

ಈ ಮಾತು ಒಪ್ಪಿದೆ. ಆದರೂ ಈ ಅರ್ಜಿಯ ಮಟ್ಟಿಗೆ "ಈ ಖಾತೆಯಿಂದ" ಎಂದು ಸೇರಿಸಿದರೆ ಗೊಂದಲ ಬರದು.

ವೆಂಕಟರಮಣ

ಹೊರಸಾಗಿಕೆ ಎನ್ನಲು ಏನು ಅಡ್ಡಿ? ರವಾನೆ ಪಾರಸಿ. ನನ್ನ ಮೊದಲ ಓಲೆಗೆ ಯಾರೂ ಮರುನುಡಿದಿಲ್ಲ.

ಸುಮಂಗಲಾ

ನಾನು ಮರುನುಡಿಯುತ್ತೇನೆ. ಲೆಕ್ಕ ಅಚ್ಚಗನ್ನಡವಲ್ಲ. ಲಕಾರದಿಂದ ಮೊದಲಾಗುವ ಪದ ಮೂಲದ್ರಾವಿಡದಲ್ಲಿ ಇರಲಿಲ್ಲ. ಲೆಕ್ಕ ಸಂಸ್ಕೃತದ ಲೇಖಕ್ಕೆ ಹೊಂದಿಕೊಂಡ ತದ್ಭವ. ಬಡ್ಡಿ ವೃದ್ಧಿಯಿಂದ ಬಂತು, ಠೇವಣಿ ಮರಾಠಿಯಿಂದ. ಇವನ್ನೆಲ್ಲ ತೆಗೆದ ಮೇಲೆ ಬ್ಯಾಂಕಿನಲ್ಲಿ ಮಾತಾಡಲು ಏನು ಉಳಿಯುತ್ತದೆ ಹೇಳಿ. "ಹೊರನೆಲೆಸಿಗರ ಲೆಕ್ಕ" ಎಂದರೆ ಜನಗಣತಿಯೇ ನೆನಪಾಗುವುದು.

ವೆಂಕಟರಮಣ

ತದ್ಭವ ನಮ್ಮ ಬಾಯಲ್ಲಿ ಪಳಗಿದ್ದು, ಅದಕ್ಕೇ ಅದು ನಮ್ಮದು. ಪ್ರತ್ಯಾವರ್ತನೆ ಯಾರ ಬಾಯಲ್ಲೂ ಪಳಗಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸುಮಂಗಲಾ

ಪಳಗಿದ್ದು ನಮ್ಮದು ಎಂದಾದರೆ ಖಾತೆ, ರವಾನೆ ಎರಡೂ ಪಳಗಿವೆ. ಅನಿವಾಸಿಯೂ ಪಳಗಿದೆ, ಪತ್ರಿಕೆ ಓದುವವರೆಲ್ಲ ಬಲ್ಲರು. ನಿಮ್ಮ ಸೂತ್ರವೇ ಹೊರನೆಲೆಸಿಗನನ್ನು ಹೊರಗೆ ಹಾಕುತ್ತದೆ.

ಹಮೀದ್, ದೋಹಾ

ಇಲ್ಲಿ ನಾವು ಯಾರೂ ಅನಿವಾಸಿ ಎನ್ನುವುದಿಲ್ಲ, ಎನ್ನಾರೈ ಎನ್ನುತ್ತೇವೆ. ಎನ್‌ಆರ್‌ಒ ಎನ್ನುವುದನ್ನು ದಯವಿಟ್ಟು ಹಾಗೆಯೇ ಬಿಡಿ. "ಸಾಮಾನ್ಯ ಖಾತೆ" ಎಂದರೆ ಹಳೆಯ ಮಾಮೂಲಿ ಖಾತೆಯೇ ಎಂದು ನನ್ನ ತಾಯಿ ತಿಳಿದುಕೊಂಡಾರು.

ಸವಿತಾ, ಕುಂದಾಪುರ

ಹಮೀದ್ ಅವರ ಮಾತು ಸರಿ, "ಸಾಮಾನ್ಯ" ತೆಗೆದೆ. ಮುದ್ರಣಕ್ಕೆ ಕಳಿಸುತ್ತಿರುವುದು ಇದು:

"ನಾನು ಉದ್ಯೋಗಕ್ಕಾಗಿ ದಿನಾಂಕ ________ರಂದು ________ ದೇಶಕ್ಕೆ ತೆರಳಿದ್ದು, ಅಂದಿನಿಂದ ಅನಿವಾಸಿಯಾಗಿರುತ್ತೇನೆ. ನನ್ನ ಉಳಿತಾಯ ಖಾತೆಯನ್ನು ಅನಿವಾಸಿ (ಎನ್‌ಆರ್‌ಒ) ಖಾತೆಯಾಗಿ ಪರಿವರ್ತಿಸಬೇಕಾಗಿ ವಿನಂತಿ. ಈ ಖಾತೆಯಿಂದ ವಿದೇಶಕ್ಕೆ ಕಳುಹಿಸುವ ಹಣಕ್ಕೆ ಮಿತಿ ಇರುವುದು ನನಗೆ ತಿಳಿದಿದೆ. ಇನ್ನು ಮುಂದೆ ಖಾತೆಯನ್ನು ಮೊದಲ ಖಾತೆದಾರರು ಮಾತ್ರ ನಡೆಸುವರು, ಅವರ ಕಾಲಾನಂತರ ಎರಡನೆಯವರು. ಇದನ್ನು ಇಬ್ಬರೂ ಓದಿ ಸಹಿ ಮಾಡಿದ್ದೇವೆ."

"ಮಾತ್ರ" ನಾನೇ ಸೇರಿಸಿದೆ. ತಪ್ಪಿದ್ದರೆ 11ರೊಳಗೆ ತಿಳಿಸಿ.

ಪ್ರಭಾಕರ

"ಮಾತ್ರ" ಎಂದರೆ ಅಧಿಕಾರಪತ್ರ ಪಡೆದವರಿಗೂ ಬಾಗಿಲು ಮುಚ್ಚುತ್ತದೆ. "ಮೊದಲ ಖಾತೆದಾರರು ಅಥವಾ ಅವರು ಅಧಿಕಾರಪತ್ರ ಕೊಟ್ಟವರು ನಡೆಸುವರು" ಎಂದು ಮಾಡಿ. ಉಳಿದದ್ದು ಸರಿ ಇದೆ.

ವೆಂಕಟರಮಣ

ಪರಿವರ್ತಿಸಬೇಕಾಗಿ ಅಲ್ಲ, "ಮಾರ್ಪಡಿಸಬೇಕಾಗಿ". ಇಷ್ಟಾದರೂ ಕೇಳಿ.