ರಾಜಾನ ಕೊರಳಿಗೆ ಕರೆಂಟ್ ಬೆಲ್ಟ್ ಬೇಡ, ಕಾಕಾ

(ಗುಂಪು: ನಮ್ಮ ಮನೆ, ಕೊಪ್ಪಳ)

ಬಸವರಾಜ ಕಾಕಾ: ಮೇಲಿನ ವಿಡಿಯೋ ನೋಡಿ. ಈ ಬೆಲ್ಟ್ ಕಟ್ಟಿದರೆ ನಾಯಿ ಬೊಗಳಿದ ಕೂಡಲೇ ಶಾಕ್ ಹೊಡೆಯುತ್ತದೆ. ರಾಜಾನಿಗೆ ತರಿಸುತ್ತೇನೆ. ರಾತ್ರಿಯಿಡೀ ಬೊಗಳುತ್ತಾನೆ ಅಂತ ಎದುರು ಮನೆಯವರು ಮಾತು ಬಿಟ್ಟಿದ್ದಾರೆ.

ಮಂಜು: ಅಪ್ಪಾ, ನಾಯಿ ಅಂದ ಮೇಲೆ ಬೊಗಳುತ್ತೆ. ಕಾವಲಿಗೆ ತಾನೇ ಸಾಕಿರೋದು? ಬಿಡಿ.

ವೀಣಾ: ಕಾಕಾ, ತರಿಸಬೇಡಿ. ಮಂಜು, ಹಾಗಂತ ಬಿಡೋದೂ ಸರಿಯಲ್ಲ. ದಿನಾ ರಾತ್ರಿಯಿಡೀ ಬೊಗಳುವ ನಾಯಿಗೆ ಏನೋ ತೊಂದರೆ ಇರುತ್ತದೆ. ಶಾಕ್ ಯಾಕೆ ಬಿತ್ತು ಅಂತ ಅದಕ್ಕೆ ತಿಳಿಯುವುದಿಲ್ಲ. ಆಗ ಗೇಟಿನ ಮುಂದೆ ಯಾರಿದ್ದರೋ ಅವರಿಂದಲೇ ನೋವಾಯಿತು ಅಂದುಕೊಳ್ಳಬಹುದು. ದನಿ ನಿಂತರೂ ಭಯ ಒಳಗೇ ಉಳಿಯುತ್ತದೆ. ಬೊಗಳಿ ಎಚ್ಚರಿಸುವುದನ್ನು ಬಿಟ್ಟ ನಾಯಿ ನೇರವಾಗಿ ಕಚ್ಚಬಹುದು. ಕಾಕು, ಅವನು ಯಾವ ಹೊತ್ತಿಗೆ, ಹೇಗೆ ಬೊಗಳುತ್ತಾನೆ? ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕ್ತೀರಾ?

ಕಾಕು: ನನಗೆ ಹೇಗೂ ನಿದ್ದೆ ಇಲ್ಲ. ಹಾಕುತ್ತೇನೆ.

(ಮರುದಿನ)

ಕಾಕು: ಎರಡು ಆಡಿಯೋ ಹಾಕಿದ್ದೇನೆ. ಒಂದು ಹನ್ನೊಂದರ ಮೇಲಿನದು. ಮಿರ್ಚಿ ಬಂಡಿಯವರು ಹೋದ ಮೇಲೆ ಬೀದಿ ನಾಯಿಗಳು ಅಲ್ಲಿ ಸೇರುತ್ತವೆ. ಇನ್ನೊಂದು ನಸುಕಿನ ಮೂರರದು. ಆಗ ಬೀದಿಯಲ್ಲಿ ಯಾರೂ ಇರಲಿಲ್ಲ.

ವೀಣಾ: ಕಾಕು, ಇದೇ ಬೇಕಿತ್ತು. ಮೊದಲನೆಯದರಲ್ಲಿ ದನಿ ದಪ್ಪ, ಪಟಪಟ ಅಂತ ಒಂದೇ ಸಮ, ನಡುವೆ ಗುರುಗುಟ್ಟುವಿಕೆ. ಅದು ಬೀದಿ ನಾಯಿಗಳಿಗೆ. ಎರಡನೆಯದರಲ್ಲಿ ದನಿ ತೆಳು. ಒಂದು ಬೊಗಳು, ಸ್ವಲ್ಪ ಬಿಟ್ಟು ಇನ್ನೊಂದು, ಕೊನೆಗೆ ಊಳು. ಯಾರಾದರೂ ಬನ್ನಿ ಅಂತ ಕರೆಯುತ್ತಿದ್ದಾನೆ. ಒಂಟಿಯಾಗಿರುವ ನಾಯಿ ಹೀಗೆ ಬೊಗಳುತ್ತದೆ. ಹಗಲು ಏನು ಮಾಡುತ್ತಾನೆ?

ಕಾಕು: ಏನು ಮಾಡುತ್ತಾನೆ, ಪಾಪ. ಗೇಟಿನ ಹತ್ತಿರ ಸರಪಳಿ. ಬಿಸಿಲಿಗೆ ಬೇವಿನ ನೆರಳಲ್ಲಿ ಸಂಜೆವರೆಗೂ ಮಲಗಿರುತ್ತಾನೆ.

ವೀಣಾ: ಹಗಲೆಲ್ಲ ನಿದ್ದೆ ಮಾಡಿದವನಿಗೆ ರಾತ್ರಿ ಎಲ್ಲಿಯ ನಿದ್ದೆ? ಕಟ್ಟಿಯೇ ಇಡುವ ನಾಯಿಯನ್ನು ಅಡ್ಡಾಡಿಸದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ತಪ್ಪು. ಹೊತ್ತು ಮುಳುಗಿದ ಮೇಲೆ ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ನೋಡಿ. ಏಳು ಸೆಕೆಂಡು ಇಡಲು ಆಗದಿದ್ದರೆ ಅವನ ಪಾದವೂ ಸುಡುತ್ತದೆ, ಕಾಯಿರಿ. ತಣಿದ ಮೇಲೆ ಅರ್ಧ ಗಂಟೆ ಸುತ್ತಾಡಿಸಿ. ಎಳೆದುಕೊಂಡು ಹೋಗಬೇಡಿ, ಮೂಸುತ್ತಾ ಬರಲಿ. ಮೂಸುವುದರಲ್ಲೇ ಅವನ ತಲೆ ದಣಿಯುತ್ತದೆ. ಮಲಗುವ ಮುಂಚೆ ಉಚ್ಚೆಗೆ ಇನ್ನೊಮ್ಮೆ ಬಿಡಿ.

ಬಸವರಾಜ ಕಾಕಾ: ಅದಾಯಿತು. ಹನ್ನೊಂದರ ಗಲಾಟೆಗೆ? ನಾನು ಒಳಗಿನಿಂದ ಗದರಿಸಿದರೆ ಇನ್ನೂ ಜೋರಾಗುತ್ತಾನೆ.

ವೀಣಾ: ನೀವೂ ಅವನ ಜೊತೆ ಕೂಗುತ್ತಿದ್ದೀರಿ ಅಂತ ಅವನಿಗೆ ಅನಿಸಬಹುದು, ಕಾಕಾ. ಬೀದಿ ಕಂಡರೆ ತಾನೇ ಬೊಗಳೋದು? ಗೇಟಿನ ಕೆಳಗರ್ಧಕ್ಕೆ ತಗಡು ಹೊಡೆಸಿ, ರಾತ್ರಿ ಅವನನ್ನು ಪಡಸಾಲೆಗೆ ತನ್ನಿ. ಕೂಲರ್ ಸದ್ದಿಗೆ ಬೀದಿ ಸದ್ದೂ ಕಡಿಮೆ ಕೇಳುತ್ತದೆ. ಮನೆಯವರ ಉಸಿರು ಹತ್ತಿರವಿದ್ದರೆ ಮೂರು ಗಂಟೆಯ ಕರೆಯೂ ತಗ್ಗುತ್ತದೆ.

ಬಸವರಾಜ ಕಾಕಾ: ಪಡಸಾಲೆ ಆಗುವುದಿಲ್ಲ. ಪಕ್ಕದಲ್ಲೇ ದೇವರ ಮನೆ. ಒಳಗೆ ಬಂದರೆ ಕಾವಲು ಯಾರು?

ಮಂಜು: ಅಪ್ಪಾ, ಮೆಟ್ಟಿಲ ಕೆಳಗಿನ ಕೋಣೆ? ನನ್ನ ಕಿಟಕಿ ಅಲ್ಲೇ ಇದೆ.

ವೀಣಾ: ಅದು ಒಳ್ಳೆಯ ಜಾಗ. ಗಾಳಿ ಆಡಬೇಕು, ನೀರು ಇರಬೇಕು, ಸರಪಳಿ ಬೇಡ. ಮೊದಲು ಸಂಜೆ ಹೊತ್ತು ಬಾಗಿಲು ತೆರೆದಿಟ್ಟು ಅಲ್ಲೇ ಊಟ ಹಾಕಿ. ಒಮ್ಮೆಲೇ ಕೂಡಿಹಾಕಿದರೆ ಬಾಗಿಲು ಕೆರೆಯುತ್ತಾನೆ. ಮೊದಲ ಕೆಲವು ರಾತ್ರಿ ಮಂಜು ಹತ್ತಿರ ಮಲಗಲಿ, ಆಮೇಲೆ ನಿಧಾನಕ್ಕೆ ದೂರ ಸರಿಯಲಿ. ಕಾವಲಿನ ಚಿಂತೆ ಬೇಡ, ಕಳ್ಳ ಬಂದರೆ ಅಲ್ಲಿಂದಲೂ ಬೊಗಳುತ್ತಾನೆ. ಬೊಗಳಿದಾಗ ಎದ್ದು ನೋಡಿ, ಮೆಲ್ಲಗೆ ‘ಸಾಕು’ ಅನ್ನಿ, ನಿಮ್ಮ ಕಡೆ ಕರೆಯಿರಿ. ಎರಡು ಸೆಕೆಂಡು ಸುಮ್ಮನಾದರೂ ಒಂದು ತುಂಡು ರೊಟ್ಟಿ ಕೊಡಿ. ನಂತರ ಐದು, ಹತ್ತು ಅಂತ ಹೆಚ್ಚಿಸಿ. ಇದನ್ನು ಹಗಲು, ಸಣ್ಣ ಸದ್ದಿಗೆ ರೂಢಿ ಮಾಡಿಸಿ. ರಾತ್ರಿಯ ಆವೇಶದಲ್ಲಿ ಅವನಿಗೆ ರೊಟ್ಟಿಯೂ ಕಾಣುವುದಿಲ್ಲ.

ಕಾಕು: ಎರಡು ತಿಂಗಳಿಂದ ಕಿವಿ ಜಾಸ್ತಿ ಕೆರೆದುಕೊಳ್ಳುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ವೀಣಾ: ಇರಬಹುದು, ಕಾಕು. ಕಿವಿ ನೋವು, ಉಣ್ಣೆ, ತುರಿಕೆ ಯಾವುದಿದ್ದರೂ ನಿದ್ದೆ ಕೆಡುತ್ತದೆ. ಹಾಗಿದ್ದರೆ ಮೇಲೆ ಹೇಳಿದ್ದೆಲ್ಲ ಅರ್ಧವೇ ಫಲ ಕೊಡುತ್ತದೆ. ಮೊದಲು ಪಶು ಆಸ್ಪತ್ರೆಗೆ ತೋರಿಸಿ. ಕಿವಿಗೆ ನೀವೇ ಎಣ್ಣೆ ಹಾಕಬೇಡಿ.

ಬಸವರಾಜ ಕಾಕಾ: ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ತಗಡಿನವನಿಗೂ ಹೇಳುತ್ತೇನೆ. ಬೆಲ್ಟ್ ಸದ್ಯಕ್ಕೆ ಬೇಡ. ಆದರೆ ಒಂದು ತಿಂಗಳು ನೋಡುತ್ತೇನೆ, ಆಮೇಲೆ ನನ್ನ ಮಾತು.

ವೀಣಾ: ಆಗಲಿ ಕಾಕಾ. ವಾರಕ್ಕೊಮ್ಮೆ ಕಾಕು ಮೂರು ಗಂಟೆಯ ಆಡಿಯೋ ಹಾಕಲಿ. ಒಮ್ಮೆಲೇ ನಿಲ್ಲುವುದಿಲ್ಲ. ಊಳು ಹೋಗಿ ಬೊಗಳುವುದರ ನಡುವಿನ ಬಿಡುವು ಹೆಚ್ಚಾದರೆ ಸರಿದಾರಿಯಲ್ಲಿದ್ದೀರಿ ಅಂತ.

ಮಂಜು: ಸುತ್ತಾಟ ನನ್ನದು. ಇವತ್ತು ಎಂಟಕ್ಕೆ ಹೊರಡುತ್ತೇನೆ.