ಪದಚರ್ಚೆ: 'ವೆಂಟ್ ಟು ಹಾಸ್ಪಿಟಲ್' ಎನ್ನಬೇಕೋ, 'ವೆಂಟ್ ಟು ದಿ ಹಾಸ್ಪಿಟಲ್' ಎನ್ನಬೇಕೋ?

ಪ್ರಶ್ನೆ: ಅನುವಾದಕಿಯಿಂದ

ಎಲ್ಲರಿಗೂ ನಮಸ್ಕಾರ. ಕನ್ನಡದ ಒಂದು ಅಪಘಾತದ ವರದಿಯನ್ನು ಇಂಗ್ಲಿಷಿಗೆ ತಂದಿದ್ದೇನೆ. ಅದರ ವಾಕ್ಯಗಳು ಸರಿಸುಮಾರು ಹೀಗಿವೆ: ಗಾಯಗೊಂಡ ಚಾಲಕನನ್ನು ಆಸ್ಪತ್ರೆಗೆ ಒಯ್ದರು. ಮರುದಿನ ಅವನ ತಮ್ಮ ಬಟ್ಟೆಬರೆ ತೆಗೆದುಕೊಂಡು ಆಸ್ಪತ್ರೆಗೆ ಹೋದ. ಹೇಳಿಕೆ ಪಡೆಯಲು ಪೊಲೀಸರೂ ಆಸ್ಪತ್ರೆಗೆ ಹೋದರು. ಚಾಲಕ ಮೂರು ವಾರ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಮೇಲೆ ಒಮ್ಮೆ ಎಕ್ಸ್‌ರೇ ತೆಗೆಸಲು ಆಸ್ಪತ್ರೆಗೆ ಹೋದ.

ಮೊದಲ ವಾಕ್ಯದಲ್ಲಿ 'ಎ ಹಾಸ್ಪಿಟಲ್' ಎಂದು ಬರೆದು, ಉಳಿದ ಕಡೆಯಲ್ಲೆಲ್ಲ 'ದಿ ಹಾಸ್ಪಿಟಲ್' ಎಂದು ಹಾಕಿದ್ದೆ. ಮೊದಲ ಸಲ 'ಎ', ಆಮೇಲೆ 'ದಿ' ಎಂದು ಶಾಲೆಯಲ್ಲಿ ಕಲಿತದ್ದೇ ಇದಕ್ಕೆ ಆಧಾರ. ಕರಡು ತಿದ್ದಿದವರು ಐದೂ ಕಡೆ ಆರ್ಟಿಕಲ್ ಹೊಡೆದುಹಾಕಿ, ಪಕ್ಕದಲ್ಲಿ 'ಹಾಸ್ಪಿಟಲ್‌ಗೆ ದಿ ಬೇಡ' ಎಂದಷ್ಟೇ ಬರೆದು ಕಳಿಸಿದ್ದಾರೆ. ಕಾರಣ ಕೇಳಿದರೆ 'ರೂಢಿ' ಎನ್ನುತ್ತಾರೆ. ರೂಢಿಯೇ ಇರಬಹುದು, ಆದರೆ ಅದಕ್ಕೂ ಒಂದು ಜಾಡು ಇರಬೇಕಲ್ಲ. ಬಲ್ಲವರು ತಿಳಿಸಿ.

ನಿವೃತ್ತ ಇಂಗ್ಲಿಷ್ ಮೇಷ್ಟ್ರಿಂದ

ಮೇಡಂ, ಇದು ಬಹಳ ಸುಲಭ. ಸಂಸ್ಥೆ ಯಾವ ಉದ್ದೇಶಕ್ಕೆ ಇದೆಯೋ ಆ ಉದ್ದೇಶಕ್ಕೆ ಹೋದರೆ 'ದಿ' ಬೇಡ. ಬೇರೆ ಕೆಲಸಕ್ಕೆ ಹೋದರೆ ಬೇಕು. ಮಗು ಓದಲು ಹೋದರೆ 'ಗೋಸ್ ಟು ಸ್ಕೂಲ್', ತಂದೆ ಶುಲ್ಕ ಕಟ್ಟಲು ಹೋದರೆ 'ಗೋಸ್ ಟು ದಿ ಸ್ಕೂಲ್'. ನಾನು ಪಾಠ ಹೇಳಿದ ಅಷ್ಟೂ ವರ್ಷ ಇದನ್ನೇ ಹೇಳಿಕೊಟ್ಟಿದ್ದೇನೆ. ಇದೇ ಲೆಕ್ಕದಲ್ಲಿ, ವೈದ್ಯರು ಚಿಕಿತ್ಸೆ ಕೊಡಲು ಹೋಗುವುದರಿಂದ ಅವರಿಗೂ 'ಗೋಸ್ ಟು ಹಾಸ್ಪಿಟಲ್' ಸರಿ. ಹಣ ಕಟ್ಟಲು ಹೋದರೆ 'ವೆಂಟ್ ಟು ಬ್ಯಾಂಕ್'. ಕಿಟಕಿ ರಿಪೇರಿಗೆ ಹೋದ ಬಡಗಿ ಮಾತ್ರ 'ವೆಂಟ್ ಟು ದಿ ಬ್ಯಾಂಕ್'.

ಇನ್ನೊಬ್ಬ ಓದುಗರಿಂದ

ಮೇಷ್ಟ್ರ ಸೂತ್ರ ನನಗೆ ಕೈಕೊಟ್ಟಿದೆ. ಅಮೆರಿಕದಲ್ಲಿರುವ ಸ್ನೇಹಿತರೊಬ್ಬರು 'ಮೈ ವೈಫ್ ಈಸ್ ಇನ್ ದಿ ಹಾಸ್ಪಿಟಲ್' ಎಂದು ಬರೆದಿದ್ದರು. 'ದಿ' ಇದೆಯಲ್ಲ, ಯಾರನ್ನೋ ನೋಡಲು ಹೋಗಿರಬೇಕು ಎಂದುಕೊಂಡು ಬೇರೆ ಸುದ್ದಿಯನ್ನೆಲ್ಲ ಬರೆದು ಕಳಿಸಿದೆ. ಆಕೆಗೆ ಶಸ್ತ್ರಚಿಕಿತ್ಸೆಯಾಗಿತ್ತೆಂದು ಆಮೇಲೆ ಗೊತ್ತಾಯಿತು. ಆ ದೇಶದವರು ತಪ್ಪು ಇಂಗ್ಲಿಷ್ ಬರೆಯುತ್ತಾರೆಯೇ?

ಮತ್ತೊಬ್ಬರಿಂದ

ನನಗೆ ಗೊತ್ತಿರುವಂತೆ ಇಲ್ಲಿ ತೊಂದರೆ ಇರುವುದು 'ಟು'ನಲ್ಲಿ. 'ವೆಂಟ್ ಟು ಹೋಮ್' ಎನ್ನಬಾರದು, 'ವೆಂಟ್ ಹೋಮ್' ಎನ್ನಬೇಕು. ಹಾಗೆಯೇ ಆಸ್ಪತ್ರೆಗೂ 'ಟು' ಬಿಡಬೇಕೇ ಎಂಬುದು ಪ್ರಶ್ನೆಯಲ್ಲವೇ?

ನಿಘಂಟು ಕೆಲಸದಲ್ಲಿರುವವರಿಂದ

ಮೊದಲು ಕೊನೆಯವರಿಗೆ: ಪ್ರಶ್ನೆ ಅದಲ್ಲ. 'ಹೋಮ್' ಅಲ್ಲಿ 'ಮನೆಗೆ' ಎಂಬ ಅರ್ಥವನ್ನು ತಾನೇ ಹೊತ್ತುಕೊಂಡಿರುತ್ತದೆ, ಹಾಗಾಗಿ 'ಟು' ಬೇಡ. ಆಸ್ಪತ್ರೆಗೆ 'ಟು' ಬೇಕೇ ಬೇಕು.

ಮೇಷ್ಟ್ರ ಸೂತ್ರ ಅರ್ಧ ದಾರಿ ಚೆನ್ನಾಗಿಯೇ ಕರೆದೊಯ್ಯುತ್ತದೆ. ಉಳಿದರ್ಧದಲ್ಲಿ ದಾರಿ ತಪ್ಪಿಸುತ್ತದೆ. 'ದಿ' ಇಲ್ಲದ 'ಹಾಸ್ಪಿಟಲ್' ಕಟ್ಟಡದ ಹೆಸರಾಗಿ ಅಲ್ಲಿ ನಿಂತಿರುವುದಿಲ್ಲ. ಒಬ್ಬ ಮನುಷ್ಯ ರೋಗಿಯಾಗಿದ್ದಾನೆ ಎಂಬ ಸ್ಥಿತಿಯನ್ನು ಅದು ಹೇಳುತ್ತದೆ. 'ಜೈಲಿಗೆ ಹೋದ' ಎಂದರೆ ಕನ್ನಡದಲ್ಲಿಯೂ ಮೊದಲು ಹೊಳೆಯುವುದು ಶಿಕ್ಷೆಯೇ ಹೊರತು ಆ ಕಡೆಗೆ ನಡೆದುಹೋದ ನಡಿಗೆಯಲ್ಲ. ಹಾಗೆ.

ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. 'ಹಾಸ್ಪಿಟಲ್' ಹಿಂದೆ ಒಂದು ಗುಣವಾಚಕ ಸೇರಿಸಿ. 'ವೆಂಟ್ ಟು ಪ್ರೈವೇಟ್ ಹಾಸ್ಪಿಟಲ್' ನಿಲ್ಲುವುದಿಲ್ಲ, ತಕ್ಷಣ 'ಎ' ಅಥವಾ 'ದಿ' ಬೇಕಾಗುತ್ತದೆ. ಏಕೆಂದರೆ ಈಗ ನೀವು ಒಂದು ಆಸ್ಪತ್ರೆಯ ಬಗ್ಗೆಯೇ ಮಾತನಾಡತೊಡಗಿದಿರಿ. ಇನ್ನೊಂದು ಪರೀಕ್ಷೆ: 'ದೇ ಆರ್ ಬೋತ್ ಇನ್ ಹಾಸ್ಪಿಟಲ್' ಎಂದಾಗ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿರಬೇಕೆಂದಿಲ್ಲ. ಇಬ್ಬರೂ ದಾಖಲಾಗಿದ್ದಾರೆ, ಅಷ್ಟೇ.

ಈಗ ಮೇಷ್ಟ್ರ ವೈದ್ಯರ ವಿಷಯ. ವೈದ್ಯರು ಆಸ್ಪತ್ರೆಯ ಉದ್ದೇಶಕ್ಕಾಗಿಯೇ ಅಲ್ಲಿಗೆ ಹೋಗುತ್ತಾರೆ ಎಂಬುದು ನಿಜ. ಆದರೂ 'ದಿ ಡಾಕ್ಟರ್ ವೆಂಟ್ ಟು ಹಾಸ್ಪಿಟಲ್' ಎಂದರೆ ಓದುವವನಿಗೆ ಪಾಪ, ವೈದ್ಯರಿಗೇ ಏನೋ ಆಗಿದೆ ಎನ್ನಿಸುತ್ತದೆ. ಕೆಲಸಕ್ಕೆ ಹೋದದ್ದಾದರೆ 'ದಿ' ಬೇಕು. ಜೈಲೂ ಹಾಗೆಯೇ: ಕೈದಿ 'ವೆಂಟ್ ಟು ಪ್ರಿಸನ್', ದಿನವೂ ಅಲ್ಲಿಗೆ ಹೋಗುವ ಕಾವಲುಗಾರ 'ವೆಂಟ್ ಟು ದಿ ಪ್ರಿಸನ್'. ಶಾಲೆ ಮಾತ್ರ ಸ್ವಲ್ಪ ಉದಾರಿ. ಶಿಕ್ಷಕರು ಕೂಡ 'ಐ ವಾಸ್ ಅಟ್ ಸ್ಕೂಲ್ ಟಿಲ್ ಫೈವ್' ಎಂದು ಸಲೀಸಾಗಿ ಹೇಳುತ್ತಾರೆ. ಆದ್ದರಿಂದ ಉದ್ದೇಶ ಯಾವುದು ಎಂದಷ್ಟೇ ಕೇಳಿದರೆ ಸಾಲದು, ಆ ಪದ ಯಾರ ಪಾತ್ರವನ್ನು ಹೇಳುತ್ತದೆ ಎಂದೂ ನೋಡಬೇಕು. ಆಸ್ಪತ್ರೆಯಲ್ಲಿ ರೋಗಿ, ಜೈಲಿನಲ್ಲಿ ಕೈದಿ.

ಬ್ಯಾಂಕಿನ ಉದಾಹರಣೆಯನ್ನು ಮೇಷ್ಟ್ರು ದಯವಿಟ್ಟು ಕೈಬಿಡಬೇಕು. ಹಣ ಕಟ್ಟಲಿ, ಕಿಟಕಿ ಕಟ್ಟಲಿ, 'ವೆಂಟ್ ಟು ದಿ ಬ್ಯಾಂಕ್' ಎಂದೇ ಆಗಬೇಕು. ಆರ್ಟಿಕಲ್ ಬಿಡುವ ಸೌಲಭ್ಯ ಇರುವುದು ಕೆಲವೇ ಪದಗಳಿಗೆ: ಸ್ಕೂಲ್, ಕಾಲೇಜ್, ಹಾಸ್ಪಿಟಲ್, ಪ್ರಿಸನ್, ಜೈಲ್, ಚರ್ಚ್, ಕೋರ್ಟ್, ಬೆಡ್, ಸೀ, ಹೀಗೆ. ಪೋಸ್ಟ್ ಆಫೀಸ್, ಮಾರ್ಕೆಟ್, ಲೈಬ್ರರಿ, ಕ್ಲಿನಿಕ್ ಈ ಪಟ್ಟಿಯಲ್ಲಿಲ್ಲ. ಇದರಲ್ಲಿ ನ್ಯಾಯ ಹುಡುಕಬೇಡಿ. 'ಗೋ ಟು ವರ್ಕ್' ಸರಿ, ಆದರೆ ಅದೇ ಕೆಲಸಕ್ಕೆ ಅದೇ ಮನುಷ್ಯ ಹೋದರೂ 'ಗೋ ಟು ದಿ ಆಫೀಸ್'. ನಮ್ಮಲ್ಲಿ 'ಬ್ಯಾಂಕಿಗೆ ಹೋದೆ', 'ಮಾರುಕಟ್ಟೆಗೆ ಹೋದೆ', 'ಶಾಲೆಗೆ ಹೋದೆ' ಎಲ್ಲಕ್ಕೂ ಒಂದೇ ಅಚ್ಚು. ಕನ್ನಡಿಗರ ಇಂಗ್ಲಿಷಿನಲ್ಲಿ 'ವೆಂಟ್ ಟು ಮಾರ್ಕೆಟ್' ನುಸುಳುವುದು ಅಲ್ಲಿಂದಲೇ.

ಅಮೆರಿಕದ ಸ್ನೇಹಿತರು ತಪ್ಪು ಬರೆದಿಲ್ಲ. 'ಇನ್ ಹಾಸ್ಪಿಟಲ್' ಬ್ರಿಟಿಷ್ ರೂಢಿ. ಅಮೆರಿಕನ್ನರು ರೋಗಿಗೂ 'ಇನ್ ದಿ ಹಾಸ್ಪಿಟಲ್', 'ಟು ದಿ ಹಾಸ್ಪಿಟಲ್' ಎಂದೇ ಬರೆಯುತ್ತಾರೆ. ಶಾಲೆ, ಜೈಲು, ಚರ್ಚು, ಕೋರ್ಟುಗಳ ಮಟ್ಟಿಗೆ ಎರಡೂ ಕಡೆಯವರದು ಒಂದೇ ರೀತಿ, ಜಗಳವೆಲ್ಲ ಆಸ್ಪತ್ರೆಯದು. 'ಅಟ್ ಯೂನಿವರ್ಸಿಟಿ' ಎಂಬುದೂ ಅಮೆರಿಕನ್ ಕಿವಿಗೆ ಬ್ರಿಟಿಷ್ ಎನ್ನಿಸುತ್ತದೆ, ಅವರು 'ಇನ್ ಕಾಲೇಜ್' ಎನ್ನುತ್ತಾರೆ. ಅಮೆರಿಕನ್ ಬರಹ ಓದುವಾಗ 'ದಿ'ಗಿಂತ ಅದರ ಹಿಂದಿನ ಚಿಕ್ಕ ಪದ ಹೆಚ್ಚು ಸುಳಿವು ಕೊಡುತ್ತದೆ. 'ಇನ್ ದಿ ಹಾಸ್ಪಿಟಲ್' ಎಂದಿದ್ದರೆ ಹೆಚ್ಚಾಗಿ ದಾಖಲಾದವರು. 'ಅಟ್ ದಿ ಹಾಸ್ಪಿಟಲ್' ಎಂದಿದ್ದರೆ ನೋಡಲು ಹೋದವರೂ ಇರಬಹುದು, ಕೆಲಸದವರೂ ಇರಬಹುದು.

ಅಲ್ಲಿನ ಆ 'ದಿ' ಕೂಡ ಒಂದು ಗೊತ್ತಾದ ಆಸ್ಪತ್ರೆಯನ್ನು ಬೆರಳಿಟ್ಟು ತೋರಿಸುವುದಿಲ್ಲ. ಗ್ರೆಗ್ ಕಾರ್ಲ್ಸನ್ ಮತ್ತು ರೇಚಲ್ ಸಸ್ಮನ್ ಎಂಬ ಭಾಷಾವಿಜ್ಞಾನಿಗಳು 2005ರಲ್ಲಿ ಇಂಥ 'ದಿ' ಬಗ್ಗೆ ಬರೆದಿದ್ದಾರೆ. ರೂಪದಲ್ಲಿ ನಿರ್ದಿಷ್ಟ, ಅರ್ಥದಲ್ಲಿ ಅಷ್ಟೇನೂ ನಿರ್ದಿಷ್ಟವಲ್ಲ. 'ಟೇಕ್ ದಿ ಬಸ್' ಎಂದವನನ್ನು ಯಾವ ಬಸ್ ಎಂದು ಯಾರೂ ಕೇಳುವುದಿಲ್ಲವಲ್ಲ.

ಇನ್ನು ನಿಮ್ಮ ವರದಿ. ಬ್ರಿಟಿಷ್ ರೂಢಿಯಲ್ಲಿ ಬರೆಯುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಚಾಲಕನನ್ನು ಒಯ್ದದ್ದು 'ವಾಸ್ ಟೇಕನ್ ಟು ಹಾಸ್ಪಿಟಲ್', ತಿದ್ದಿದವರು ಸರಿ. ನಿಮ್ಮ 'ಎ' ವ್ಯಾಕರಣದಲ್ಲಿ ತಪ್ಪಲ್ಲ, ಆದರೆ ಯಾವ ಆಸ್ಪತ್ರೆ ಎಂಬ ಕುತೂಹಲವನ್ನು ಸುಮ್ಮನೆ ಎಬ್ಬಿಸುತ್ತದೆ. ತಮ್ಮ ಬಟ್ಟೆಬರೆ ಒಯ್ದದ್ದು 'ವೆಂಟ್ ಟು ದಿ ಹಾಸ್ಪಿಟಲ್', ಪೊಲೀಸರೂ ಹಾಗೆಯೇ. ಈ ಎರಡು ಕಡೆ 'ದಿ' ತೆಗೆದರೆ ಚಾಲಕನ ಜೊತೆಗೆ ಅವನ ತಮ್ಮನೂ ಠಾಣೆಯವರೂ ಹಾಸಿಗೆ ಹಿಡಿದಂತಾಗುತ್ತದೆ. ಮೊದಲ ವಾಕ್ಯದಲ್ಲಿ ಯಾವ ಆಸ್ಪತ್ರೆಯ ಪರಿಚಯವೂ ಆಗಿಲ್ಲ, ಎರಡನೆಯದರಲ್ಲಿ 'ದಿ' ಹೇಗೆ ಬಂತು ಎನ್ನುತ್ತೀರಾ? ರೋಗಿ ದಾಖಲಾದ ಎಂದ ಮೇಲೆ ಒಂದು ಆಸ್ಪತ್ರೆ ಇದ್ದೇ ಇದೆಯೆಂದು ಓದುಗ ತಾನೇ ಊಹಿಸಿಕೊಂಡಿರುತ್ತಾನೆ, 'ದಿ' ಅದನ್ನೇ ಹಿಡಿಯುತ್ತದೆ.

ನಾಲ್ಕನೆಯ ವಾಕ್ಯವನ್ನು ಗಮನಿಸಿ. ಅಷ್ಟು ಹೊತ್ತಿಗೆ ಆಸ್ಪತ್ರೆಯ ಹೆಸರು ಎರಡು ಸಲ 'ದಿ' ಜೊತೆಗೆ ಬಂದುಹೋಗಿದೆ. ಆದರೂ ಚಾಲಕನ ಮೂರು ವಾರಗಳಿಗೆ 'ಸ್ಪೆಂಟ್ ಥ್ರೀ ವೀಕ್ಸ್ ಇನ್ ಹಾಸ್ಪಿಟಲ್' ಎಂದೇ ಬರೆಯುತ್ತೇವೆ. ಮೊದಲ ಸಲ 'ಎ', ಆಮೇಲೆ 'ದಿ' ಎಂಬ ಪಾಠ ಇಲ್ಲಿ ನಡೆಯುವುದಿಲ್ಲ.

ಅನುವಾದಕಿಯಿಂದ

ತುಂಬಾ ಉಪಕಾರವಾಯಿತು. ಎರಡು ಕಡೆ 'ದಿ' ಮರಳಿ ಹಾಕಿ, ಪೊಲೀಸರು ದಾಖಲಾಗಿಲ್ಲ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆದು ಕಳಿಸುತ್ತೇನೆ. ಆದರೆ ಐದನೆಯ ವಾಕ್ಯವನ್ನು ನೀವು ಮುಟ್ಟಲಿಲ್ಲ. ಎಕ್ಸ್‌ರೇ ತೆಗೆಸಲು ಹೋದವನು ರೋಗಿಯೇ, ಆದರೆ ದಾಖಲಾಗಲಿಲ್ಲ. ಅರ್ಧ ಗಂಟೆಯಲ್ಲಿ ಮನೆಗೆ ಬಂದ.

ನಿಘಂಟು ಕೆಲಸದಲ್ಲಿರುವವರಿಂದ

ಬೇಕೆಂದೇ ಬಿಟ್ಟಿದ್ದೆ, ಅಲ್ಲಿ ಬ್ರಿಟಿಷ್ ಬರಹಗಾರರೇ ಎರಡೂ ಬಗೆಯಲ್ಲಿ ಬರೆಯುತ್ತಾರೆ. ಎದೆನೋವು ಬಂದು ಓಡಿದವನಾದರೆ, ಆ ರಾತ್ರಿಯೇ ಮನೆಗೆ ಕಳಿಸಿದರೂ 'ವೆಂಟ್ ಟು ಹಾಸ್ಪಿಟಲ್' ಸಹಜ. ಮೊದಲೇ ಗೊತ್ತುಮಾಡಿದ ಹೊತ್ತಿಗೆ ಹೋಗಿ ಎಕ್ಸ್‌ರೇ ತೆಗೆಸಿ ಬಂದವನಿಗೆ ನನ್ನ ಕಿವಿಗೆ 'ವೆಂಟ್ ಟು ದಿ ಹಾಸ್ಪಿಟಲ್ ಫಾರ್ ಆನ್ ಎಕ್ಸ್‌ರೇ' ಹೊಂದುತ್ತದೆ. ಆದರೆ 'ದಿ' ಇಲ್ಲದೆ ಬರೆದವರನ್ನು ನಾನು ತಿದ್ದುವುದಿಲ್ಲ. ನಿಮ್ಮ ವರದಿಯಲ್ಲಿ 'ದಿ' ಇಟ್ಟರೆ ಒಂದು ಲಾಭವಿದೆ: ಚಾಲಕ ಮತ್ತೆ ದಾಖಲಾದನೇ ಎಂಬ ಅನುಮಾನ ಓದುಗನಿಗೆ ಬರುವುದಿಲ್ಲ.

ನಿವೃತ್ತ ಇಂಗ್ಲಿಷ್ ಮೇಷ್ಟ್ರಿಂದ

ಬ್ಯಾಂಕನ್ನು ಬಿಟ್ಟುಕೊಡುತ್ತೇನೆ. ವೈದ್ಯರನ್ನು ಅಷ್ಟು ಸುಲಭವಾಗಿ ಬಿಡಲಾರೆ. ಶಿಕ್ಷಕರು 'ಅಟ್ ಸ್ಕೂಲ್' ಎನ್ನಬಹುದಾದರೆ ವೈದ್ಯರು 'ಅಟ್ ಹಾಸ್ಪಿಟಲ್' ಎನ್ನಬಾರದು ಎಂಬುದಕ್ಕೆ ನೀವು ಕಾರಣ ಕೊಡಲಿಲ್ಲ, 'ಉದಾರಿ' ಎಂಬ ವಿಶೇಷಣ ಕೊಟ್ಟಿರಿ.

ನಿಘಂಟು ಕೆಲಸದಲ್ಲಿರುವವರಿಂದ

ಒಪ್ಪಿದೆ, ಅದು ಕಾರಣವಲ್ಲ. 'ಸ್ಕೂಲ್' ಎಂಬುದು ಕಟ್ಟಡವನ್ನಷ್ಟೇ ಅಲ್ಲದೆ ಪಾಠ ನಡೆಯುವ ಹೊತ್ತನ್ನೂ ಹೇಳುತ್ತದೆ. 'ಸ್ಕೂಲ್ ಸ್ಟಾರ್ಟ್ಸ್ ಅಟ್ ನೈನ್', 'ಆಫ್ಟರ್ ಸ್ಕೂಲ್' ಎಂದೆಲ್ಲ ಹೇಳುತ್ತೇವೆ. ಆ ಹೊತ್ತಿನಲ್ಲಿ ಮಕ್ಕಳಿಗೆ ಎಷ್ಟು ಪಾಲೋ ಶಿಕ್ಷಕರಿಗೂ ಅಷ್ಟೇ ಪಾಲು. 'ಹಾಸ್ಪಿಟಲ್ ಸ್ಟಾರ್ಟ್ಸ್ ಅಟ್ ನೈನ್' ಎಂದು ಯಾರೂ ಹೇಳುವುದಿಲ್ಲ. ಇದೇ ಕಾರಣವಿರಬಹುದು ಎಂಬುದು ನನ್ನ ಊಹೆ. ಆದರೆ 'ಪ್ರಿಸನ್', 'ಕೋರ್ಟ್'ಗಳನ್ನು ಇದೇ ಅಳತೆಗೆ ಹಿಡಿದರೆ ಕೋರ್ಟ್ ತೊಡಕು ಮಾಡುತ್ತದೆ. 'ಇನ್ ಕೋರ್ಟ್' ಎಂದರೆ ಆರೋಪಿಯೂ ಇರಬಹುದು, ವಕೀಲರೂ ಇರಬಹುದು. ಆ ಬಗ್ಗೆ ಬೇರೆ ಯಾರಾದರೂ ಬರೆಯಲಿ.