ಗೋಡೌನ್‌ನಲ್ಲಿ 44 ಮೂಟೆ ಕಡಿಮೆ: ಆಡಿಟ್ ಕಮಿಟಿ ಮಿನಿಟ್ಸ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ (ಚಿಕ್ಕಮಗಳೂರು, ಕಾಫಿ ಕ್ಯೂರಿಂಗ್ ಕಂಪನಿಯೊಂದರ ಅಕೌಂಟ್ಸ್‌ನವರು): ಪುಸ್ತಕದಲ್ಲಿ ಪಾರ್ಚ್‌ಮೆಂಟ್ 1,840 ಮೂಟೆ ಇದೆ, ಇಂಟರ್ನಲ್ ಆಡಿಟರ್ ಎಣಿಸಿದಾಗ 1,796 ಸಿಕ್ಕಿತು. ಮೀಟಿಂಗ್‌ನಲ್ಲಿ ಮ್ಯಾನೇಜರ್ "ಒಣಗಿ ಕಡಿಮೆ ಆಗಿದೆ, ಬೇಗ ಸರಿ ಮಾಡ್ತೀವಿ" ಅಂದ್ರು. ಮಿನಿಟ್ಸ್‌ನಲ್ಲಿ "ಸ್ವಲ್ಪ ವ್ಯತ್ಯಾಸ, ಗಮನಿಸಲಾಯಿತು" ಅಂತ ಬರೆದರೆ ಸಾಕಾ ಸರ್?

ಹಾಸನದ ಕಂಪನಿ ಸೆಕ್ರೆಟರಿ: ಸಾಲದು ಮೇಡಂ. ಕಾಫಿ ಒಣಗಿದರೆ ತೂಕ ಇಳಿಯುತ್ತೆ, ಮೂಟೆಯ ಲೆಕ್ಕ ಇಳಿಯಲ್ಲ. ಮ್ಯಾನೇಜರ್ ಕೊಟ್ಟ ಉತ್ತರ ಆಡಿಟರ್ ಕೇಳಿದ್ದಕ್ಕೆ ಹೊಂದುವುದೇ ಇಲ್ಲ. "ಸ್ವಲ್ಪ ವ್ಯತ್ಯಾಸ" ಅಂತ ಬರೆದುಬಿಟ್ಟರೆ ಇದು ಯಾರ ಕಣ್ಣಿಗೂ ಬೀಳಲ್ಲ. ಎರಡೂ ಸಂಖ್ಯೆ, ಎಣಿಸಿದ ದಿನ, ಮ್ಯಾನೇಜರ್ ಕೊಟ್ಟ ಕಾರಣ ಬರೆಯಿರಿ. ಆಡಿಟರ್ ಅದನ್ನು ಒಪ್ಪದಿದ್ದರೆ ಅದೂ ಒಂದು ಸಾಲು ಇರಲಿ.

ಬೇಲೂರಿನ ಸಹಕಾರ ಸಂಘದ ಕಾರ್ಯದರ್ಶಿ: ನಮ್ಮಲ್ಲಿ ಗೊಬ್ಬರದ ದಾಸ್ತಾನಿನಲ್ಲೂ ಹೀಗೇ ಆಗಿತ್ತು. ಅನುಪಾಲನಾ ವರದಿ ಕಳಿಸಿದೆವು, ಮುಗೀತು. ನೀವೂ ಹಾಗೇ ಮಾಡಿ.

ಸೆಕ್ರೆಟರಿ: ಅಣ್ಣಾ, ನಿಮ್ಮದು ಸಹಕಾರ ಕಾಯ್ದೆ, ಇವರದು ಕಂಪನಿ ಕಾಯ್ದೆ. ಇಲ್ಲಿ ವರದಿ ಕೊಟ್ಟ ಮಾತ್ರಕ್ಕೆ ಮುಗಿಯಲ್ಲ. ಗೇಟ್ ಪಾಸ್‌ಗಳನ್ನು ಗೋಡೌನ್ ರಿಜಿಸ್ಟರ್ ಜೊತೆ ತಾಳೆ ನೋಡಿ, ಆಮೇಲೆ ಆಡಿಟರ್ ಮತ್ತೆ ಎಣಿಸಬೇಕು. ಏನು ತೋರಿಸಿದರೆ ಮುಗಿದಂತೆ ಅನ್ನುವುದನ್ನು ಕಮಿಟಿ ಮೊದಲೇ ಬರೆಸಿಟ್ಟರೆ ಆಮೇಲೆ ಜಗಳ ಇರಲ್ಲ.

ಚಿಕ್ಕಮಗಳೂರಿನ ಅಕೌಂಟೆಂಟ್: ಮಿನಿಟ್ಸ್‌ನಲ್ಲಿ ವಾದ ಬೇಡ, ತೀರ್ಮಾನ ಮಾತ್ರ ಇರಬೇಕು. "ಬೇಗ" ಅನ್ನೋ ಕಡೆ ಜುಲೈ 15 ಅಂತ ಹಾಕಿಬಿಡಿ.

ಸೆಕ್ರೆಟರಿ: ಆಡಿದ್ದನ್ನೆಲ್ಲ ಬರೆಯುವುದು ಬೇಡ, ಅದು ಸರಿ. ಆದರೆ ಮೀಟಿಂಗ್‌ನಲ್ಲಿ ಹೇಳದ ತಾರೀಖನ್ನು ಹಾಕುವ ಹಾಗಿಲ್ಲ. ಕರಡು 15 ದಿನದೊಳಗೆ ಸದಸ್ಯರಿಗೆ ಹೋಗಬೇಕು, ಅವರು 7 ದಿನದಲ್ಲಿ ತಿದ್ದುಪಡಿ ಹೇಳಬಹುದು. ಆದರೆ ಆಗದ ತೀರ್ಮಾನವನ್ನು ಆ ತಿದ್ದುಪಡಿಯಲ್ಲಿ ಸೇರಿಸಲಾಗದು. "ಗಡುವು ನಿಗದಿಯಾಗಲಿಲ್ಲ" ಅಂತಲೇ ಬರೆಯಿರಿ. ಮುಂದಿನ ಮೀಟಿಂಗ್ ದೂರ ಇದ್ದರೆ ಸರ್ಕ್ಯುಲರ್ ರೆಸಲ್ಯೂಷನ್ ಮೂಲಕ ಕಮಿಟಿಯಿಂದಲೇ ತಾರೀಖು, ಹೊಣೆಗಾರರ ಹುದ್ದೆ ಎರಡನ್ನೂ ನಿಗದಿ ಮಾಡಿಸಿ. ಅದನ್ನು ಮುಂದಿನ ಮಿನಿಟ್ಸ್‌ನಲ್ಲಿ ದಾಖಲಿಸಿ.

ಪ್ರಶ್ನೆ ಕೇಳಿದವರು: ಆ ತಾರೀಖೂ ದಾಟಿಹೋದರೆ ಹಳೆಯದನ್ನು ತೆಗೆದು ಹೊಸದು ಹಾಕಬಹುದಾ?

ಸೆಕ್ರೆಟರಿ: ಹಳೆಯದು ಅಲ್ಲೇ ಇರಲಿ. ಪುಸ್ತಕಕ್ಕೆ ಸೇರಿದ ಮಿನಿಟ್ಸ್ ತಿದ್ದುವಂತಿಲ್ಲ. ಹೊಸ ಗಡುವು, ತಡವಾದ ಕಾರಣ ಮುಂದಿನ ಮೀಟಿಂಗ್‌ನ ಮಿನಿಟ್ಸ್‌ನಲ್ಲಿ ಬರಲಿ. ಎರಡು ಸಲ ಮುಂದೂಡಿದ್ದು ಹಾಗೆ ಮಾತ್ರ ಕಾಣುತ್ತೆ.

ನಿವೃತ್ತ ಆಡಿಟರ್: ಆಡಿಟರ್ ಒಪ್ಪಲಿಲ್ಲ ಅನ್ನೋದನ್ನು ಅವರ ಹೆಸರಿನಲ್ಲೇ ಬರೆಯಬೇಕು ಅಂತ ನನ್ನ ವಾದ.

ಸೆಕ್ರೆಟರಿ: ನಾನು ಹುದ್ದೆ ಸಾಕು ಅನ್ನುವವನು ಸರ್. ಇದರಲ್ಲಿ ಅಧ್ಯಕ್ಷರು ಹೇಳಿದಂತೆ ನಡೆಯಲಿ.

ಪ್ರಶ್ನೆ ಕೇಳಿದವರು: ನಾಳೆ ಕರಡಿನಲ್ಲಿ 1,840, 1,796 ಎರಡನ್ನೂ ಹಾಕ್ತೀನಿ. ಮ್ಯಾನೇಜರ್ ಒಪ್ಪದಿದ್ದರೆ ಮತ್ತೆ ಕೇಳ್ತೀನಿ ಸರ್.